ಬ್ರ್ಯಾಂಡ್ ಆರ್ಕಿಟೈಪ್: ತಂಡಕ್ಕೆ ಎಲ್ಲಿ ನೆರವು, ಎಲ್ಲಿ ಎಡವಟ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರ್ಯಾಂಡ್ ಕೆಲಸಕ್ಕೆ ಕೂತಾಗ ಸಣ್ಣ ಕಂಪನಿಗಳವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೀಟಿಂಗ್‌ನಲ್ಲಿ ಕೇಳಲು ಮುಜುಗರವಾಗಿ, ಆಮೇಲೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳೂ ಇವೆ. ನಡುವೆ ಒಂದು ಗಾಣದ ಎಣ್ಣೆ ಕಂಪನಿಯ ಕತೆಯನ್ನು ವಿವರವಾಗಿ ಹೇಳಿದ್ದೇನೆ. ಸಮಯ ಕಡಿಮೆ ಇದ್ದರೆ ಮೊದಲು ಅದನ್ನೇ ಓದಿ.

## ಆರ್ಕಿಟೈಪ್ ಅಂದರೆ ಏನು?

ಕತೆಗಳಲ್ಲಿ ಮತ್ತೆ ಮತ್ತೆ ಬರುವ ಪಾತ್ರದ ಅಚ್ಚು. ಊರಿಗೆ ಕಷ್ಟ ಬಂದಾಗ ಎದ್ದು ನಿಲ್ಲುವವನು ವೀರ. ಕೇಳಿದ್ದಕ್ಕೆ ತಿಳಿದು ಉತ್ತರ ಕೊಡುವವನು ಜ್ಞಾನಿ. ಎಲ್ಲರನ್ನೂ ನಗಿಸುತ್ತಲೇ ನಿಜ ಹೇಳುವವನು ವಿದೂಷಕ. ನಮ್ಮ ಬ್ರ್ಯಾಂಡ್ ಒಬ್ಬ ಮನುಷ್ಯನಾಗಿದ್ದರೆ ಇವರಲ್ಲಿ ಯಾರಂತೆ ಮಾತಾಡುತ್ತಿತ್ತು ಅಂತ ಕೇಳಿಕೊಳ್ಳುವುದೇ ಬ್ರ್ಯಾಂಡ್ ಆರ್ಕಿಟೈಪ್ ವಿಧಾನ.

ಸಾಮಾನ್ಯವಾಗಿ ಬಳಸುವ ಪಟ್ಟಿಯಲ್ಲಿ ಹನ್ನೆರಡು ಪಾತ್ರಗಳಿವೆ. ಮುಗ್ಧ, ಅನ್ವೇಷಕ, ಜ್ಞಾನಿ, ವೀರ, ಬಂಡಾಯಗಾರ, ಮಾಂತ್ರಿಕ, ನಮ್ಮಂಥ ಸಾಮಾನ್ಯ ಮನುಷ್ಯ, ಪ್ರೇಮಿ, ವಿದೂಷಕ, ಪೋಷಕ, ಸೃಷ್ಟಿಕರ್ತ, ಅರಸ. ಕನ್ನಡದ ಈ ಹೆಸರುಗಳು ನಾನು ಕೆಲಸಕ್ಕೆ ಬಳಸುವಂಥವು. ನಿಮ್ಮ ತಂಡಕ್ಕೆ ಬೇರೆ ಹೆಸರು ಹಿಡಿಸಿದರೆ ಅದನ್ನೇ ಇಟ್ಟುಕೊಳ್ಳಿ.

## ಈ ಹನ್ನೆರಡನ್ನು ಮಾಡಿದ್ದು ಯುಂಗ್ ಅಲ್ವಾ?

ಅಲ್ಲ. ಎಷ್ಟೋ ಪ್ರೆಸೆಂಟೇಶನ್‌ಗಳ ಎರಡನೇ ಸ್ಲೈಡ್‌ನಲ್ಲಿ ಹಾಗೇ ಬರೆದಿರುತ್ತಾರೆ. ಅದು ತಪ್ಪು.

ಸ್ವಿಟ್ಜರ್‌ಲೆಂಡ್‌ನ ಮನಃಶಾಸ್ತ್ರಜ್ಞ ಕಾರ್ಲ್ ಯುಂಗ್ ಈ ಪದವನ್ನು 1919ರ ಹೊತ್ತಿಗೆ ಬಳಸಲು ಶುರು ಮಾಡಿದರು. ತಾಯಿ, ಮಗು, ಮುದಿ ಜ್ಞಾನಿ, ತಂಟೆಕೋರ, ನೆರಳು ಮುಂತಾದವುಗಳ ಬಗ್ಗೆ ಅವರು ಬರೆದದ್ದು ನಿಜ. ಆದರೆ ಇಷ್ಟೇ ಅಂತ ಲೆಕ್ಕ ಹಾಕಲಿಲ್ಲ. ಬದುಕಿನಲ್ಲಿ ಎಷ್ಟು ಬಗೆಯ ಸಂದರ್ಭಗಳಿವೆಯೋ ಅಷ್ಟು ಆರ್ಕಿಟೈಪ್‌ಗಳಿವೆ ಅನ್ನುವುದು ಅವರ ಮಾತಿನ ಸಾರ. ಸೋಪು, ಶೂ ಮಾರುವ ಯೋಚನೆ ಅವರಿಗೆ ಇರಲೂ ಇಲ್ಲ.

ಪಟ್ಟಿ ಬಂದದ್ದು ಅಮೆರಿಕದ ಕ್ಯಾರಲ್ ಪಿಯರ್ಸನ್ ಅವರಿಂದ. ಮನುಷ್ಯ ತನ್ನನ್ನು ತಾನು ಅರಿಯಲು ಅಂತ 1986ರಲ್ಲಿ ಆರು ಪಾತ್ರಗಳ ಪುಸ್ತಕ ಬರೆದರು. 1991ರಲ್ಲಿ ಅದನ್ನು ಹನ್ನೆರಡಕ್ಕೆ ಬೆಳೆಸಿದರು. ಜಾಹೀರಾತು ಲೋಕದಿಂದ ಬಂದ ಮಾರ್ಗರೆಟ್ ಮಾರ್ಕ್ ಜತೆ ಸೇರಿ ಅದನ್ನು ಬ್ರ್ಯಾಂಡ್‌ಗಳಿಗೆ ಹೊಂದಿಸಿದ್ದು 2001ರಲ್ಲಿ. ಅಂದರೆ ನಾವು ಬಳಸುತ್ತಿರುವುದು ಇಬ್ಬರು ಅನುಭವಿಗಳು ಕೂತು ಮಾಡಿದ ಒಂದು ವಿಂಗಡಣೆ. ಒಳ್ಳೆಯ ವಿಂಗಡಣೆಯೇ. ಆದರೆ ಹತ್ತೂ ಆಗಬಹುದಿತ್ತು, ಹದಿನೈದೂ ಆಗಬಹುದಿತ್ತು. ಇಷ್ಟು ತಿಳಿದಿದ್ದರೆ ಪಟ್ಟಿಗೆ ಕೈಮುಗಿಯದೆ, ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಲು ಸಲೀಸು.

## ಇದಕ್ಕೆ ವೈಜ್ಞಾನಿಕ ಆಧಾರ ಇದೆಯಾ?

ಗ್ರಾಹಕರನ್ನು ಕೇಳಿ, ಅಳೆದು, ಲೆಕ್ಕ ಹಾಕಿ ಹುಟ್ಟಿದ ಪಟ್ಟಿ ಇದಲ್ಲ. ಅಂಥದ್ದು ಬೇಕೆಂದರೆ ಜೆನಿಫರ್ ಆಕರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಜನ ಬ್ರ್ಯಾಂಡ್‌ಗಳಿಗೆ ಯಾವ ಗುಣಗಳನ್ನು ಹೊಂದಿಸುತ್ತಾರೆ ಅಂತ ಅಮೆರಿಕದಲ್ಲಿ ಸಮೀಕ್ಷೆ ಮಾಡಿ ಐದು ಗುಂಪು ಮಾಡಿದರು. ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಒರಟುತನ.

ಇನ್ನೊಂದು ಪ್ರಯೋಗವನ್ನು ನಾನು ಪ್ರತಿ ಕಾರ್ಯಾಗಾರದಲ್ಲೂ ಹೇಳುತ್ತೇನೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಃಶಾಸ್ತ್ರದ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ 'ಇದು ನಿಮ್ಮ ಫಲಿತಾಂಶ' ಅಂತ ಒಂದೊಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಬಹುಪಾಲು ವಾಕ್ಯಗಳು ಅಂಗಡಿಯಲ್ಲಿ ಸಿಗುವ ಭವಿಷ್ಯದ ಪುಸ್ತಕದಿಂದ ತೆಗೆದವು.

ಆರ್ಕಿಟೈಪ್ ವಿವರಣೆ ಓದಿದಾಗಲೂ ಇದೇ ಆಗುತ್ತದೆ. 'ನೀವು ಜನರ ಬದುಕನ್ನು ಇನ್ನಷ್ಟು ಚೆನ್ನಾಗಿಸಲು ಬಯಸುತ್ತೀರಿ' ಅಂತ ಪಾತ್ರದ ವಿವರಣೆ ಬರೆದ ಕಾರ್ಡ್‌ನಲ್ಲಿ ಇರುತ್ತದೆ. ಯಾರು ಬಯಸಲ್ಲ ಹೇಳಿ? ಓದಿದವರು 'ಅರೆ, ಇದು ನಾವೇ' ಅನ್ನುತ್ತಾರೆ. ಪಕ್ಕದ ಕಾರ್ಡ್ ಓದಿದರೂ ಹಾಗೇ ಅನ್ನಿಸುತ್ತಿತ್ತು. ಹಾಗಾಗಿ 'ಓದಿದಾಗ ಮೈ ಜುಂ ಅಂತು' ಅನ್ನುವುದನ್ನು ಪುರಾವೆಯಾಗಿ ತೆಗೆದುಕೊಳ್ಳಬೇಡಿ.

## ಹಾಗಾದರೆ ಇದನ್ನು ಯಾಕೆ ಬಳಸಬೇಕು?

ತಂಡದೊಳಗೆ ಮಾತಾಡಿಕೊಳ್ಳಲು ಒಂದು ಭಾಷೆ ಸಿಗುತ್ತದೆ ಅನ್ನುವ ಕಾರಣಕ್ಕೆ.

ಬರಹ ಬರೆಯುವವರು, ಡಿಸೈನರ್, ಫೋನ್ ಎತ್ತುವವರು, ಮಾಲೀಕರು ಎಲ್ಲರ ತಲೆಯಲ್ಲೂ ಬ್ರ್ಯಾಂಡ್ ಬೇರೆ ಬೇರೆ ಥರ ಇರುತ್ತದೆ. ಅದು ಹೊರಗೆ ಬರುವುದೇ ಇಲ್ಲ. 'ಇದು ಯಾಕೋ ನಮ್ಮ ಥರ ಇಲ್ಲ' ಅಂತ ಡಿಸೈನ್ ವಾಪಸ್ ಬರುತ್ತದೆ. ಯಾಕೆ ಅಂತ ಕೇಳಿದರೆ ಹೇಳಲು ಮಾತಿಲ್ಲ. ಮೂರು ಸಲ ತಿದ್ದಿದ ಮೇಲೆ ಮಾಲೀಕರ ರುಚಿಯೇ ಗೆಲ್ಲುತ್ತದೆ.

ಹನ್ನೆರಡು ಕಾರ್ಡ್ ಮೇಜಿನ ಮೇಲೆ ಹರಡಿ, ಎಲ್ಲರೂ ಒಬ್ಬರಿಗೊಬ್ಬರು ತೋರಿಸದೆ ಎರಡೆರಡು ಆರಿಸಿ ಅಂದರೆ ಭಿನ್ನಾಭಿಪ್ರಾಯ ಕಣ್ಣಿಗೆ ಕಾಣುತ್ತದೆ. ಒಬ್ಬರು ಅರಸ ಇಟ್ಟಿರುತ್ತಾರೆ, ಇನ್ನೊಬ್ಬರು ವಿದೂಷಕ. ಅಲ್ಲಿಂದ ನಿಜವಾದ ಚರ್ಚೆ ಶುರು. ಇಡೀ ವಿಧಾನದಲ್ಲಿ ನನಗೆ ಅತಿ ಬೆಲೆಬಾಳುವ ಅರ್ಧ ಗಂಟೆ ಅದೇ. ಕೊನೆಗೆ ಯಾವ ಕಾರ್ಡ್ ಉಳಿಯಿತು ಅನ್ನುವುದು ಅದಕ್ಕಿಂತ ಕಡಿಮೆ ಮುಖ್ಯ.

ಎರಡನೇ ಉಪಯೋಗ, ಏನನ್ನು ಮಾಡಬಾರದು ಅಂತ ತೀರ್ಮಾನಿಸಲು. ಅದನ್ನು ಕತೆಯಲ್ಲೇ ತೋರಿಸುತ್ತೇನೆ.

ಯಾವ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾರಿಗೆ ಮಾರಬೇಕು, ಎಷ್ಟು ಬೆಲೆ ಇಡಬೇಕು, ಯಾವ ಊರಿನಲ್ಲಿ ಯಾವ ಅಂಗಡಿಗೆ ಹಾಕಬೇಕು ಅನ್ನುವುದಕ್ಕೆ ಇದರಲ್ಲಿ ಉತ್ತರ ಇಲ್ಲ. ಅವು ತೀರ್ಮಾನವಾದ ಮೇಲೆ, ಹೇಗೆ ಮಾತಾಡಬೇಕು ಅನ್ನುವಾಗ ಇದರ ಸರದಿ. ಈ ಕ್ರಮ ತಿರುಗುಮುರುಗಾದರೆ ಉಳಿದ ತಪ್ಪುಗಳೆಲ್ಲ ಅದರ ಹಿಂದೆಯೇ ಬರುತ್ತವೆ.

## ಒಂದು ನಿಜವಾದ ಉದಾಹರಣೆ ಹೇಳಿ. ಕೂತು ಮಾಡುವುದು ಹೇಗೆ?

ತುಮಕೂರು ಕಡೆಯ ಒಂದು ಸಣ್ಣ ಕಂಪನಿ. ಮರದ ಗಾಣದಲ್ಲಿ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ಒಟ್ಟು ಆರು ಜನ. ಮಾಲೀಕರು, ಅವರ ತಂಗಿ, ಗಾಣ ನೋಡಿಕೊಳ್ಳುವವರು, ಪ್ಯಾಕಿಂಗ್‌ಗೆ ಇಬ್ಬರು, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವ ಹುಡುಗ. ಗ್ರಾಹಕರ ಫೋನು, ವಾಟ್ಸ್ಆ್ಯಪ್ ಎಲ್ಲ ತಂಗಿಯ ಪಾಲು.

ನಾನು ಹೋದಾಗ ಮಾಲೀಕರು ಆಗಲೇ ತೀರ್ಮಾನ ಮಾಡಿದ್ದರು. 'ನಾವು ಬಂಡಾಯಗಾರರು ಸಾರ್. ರಿಫೈನ್ಡ್ ಎಣ್ಣೆ ವಿರುದ್ಧ ನಮ್ಮ ಹೋರಾಟ.' ಪೋಸ್ಟರ್ ಕೂಡ ತಯಾರಾಗಿತ್ತು. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, 'ನಿಮ್ಮ ಅಡುಗೆಮನೆಯಲ್ಲಿ ವಿಷ ಇದೆ.'

ಮೊದಲು ಕಾರ್ಡ್ ತೆಗೆಯಲಿಲ್ಲ. ಹಿಂದಿನ ಎರಡು ತಿಂಗಳ ವಾಟ್ಸ್ಆ್ಯಪ್ ಮೆಸೇಜುಗಳನ್ನು ಪ್ರಿಂಟ್ ತೆಗೆಸಿದೆವು. ನೆಲದ ಮೇಲೆ ಹರಡಿ, ಒಂದೇ ಥರದವನ್ನು ಒಂದು ಕಡೆ ಇಟ್ಟೆವು. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳೇ. ಬಾಟಲಿ ತಳದಲ್ಲಿ ಗಸಿ ಯಾಕಿದೆ? ಕಾಯಿಸಿದರೆ ನೊರೆ ಬರುತ್ತಲ್ಲ? ಎಷ್ಟು ತಿಂಗಳು ಇಡಬಹುದು? ಅಂಗಡಿ ಎಣ್ಣೆಗಿಂತ ಇಷ್ಟು ದುಬಾರಿ ಯಾಕೆ? ತಂಗಿ ಅಣ್ಣನ ಕಡೆ ತಿರುಗಿ ಹೇಳಿದರು, 'ಅಣ್ಣಾ, ಫೋನ್ ಮಾಡೋರು ಯಾರೂ ನಮ್ಮ ಹೋರಾಟದ ಬಗ್ಗೆ ಕೇಳಲ್ಲ. ಗಸಿ ಯಾಕಿದೆ ಅಂತ ಕೇಳ್ತಾರೆ.'

ಆಮೇಲೆ ಕಾರ್ಡ್ ಹಾಕಿದೆವು. ಮೂರು ಉಳಿದವು. ಮಾಲೀಕರ ಬಂಡಾಯಗಾರ, ಪ್ಯಾಕಿಂಗ್‌ನವರ ಪೋಷಕ, ತಂಗಿಯ ಜ್ಞಾನಿ. ಯಾವುದು ಅಂತ ಮತ ಹಾಕಿಸಲಿಲ್ಲ. ನಿಜವಾಗಿ ಬಂದಿದ್ದ ಒಂದು ಮೆಸೇಜ್ ತೆಗೆದುಕೊಂಡೆವು. ಡಿಸೆಂಬರ್‌ನಲ್ಲಿ ಒಬ್ಬರು ಬರೆದಿದ್ದರು, 'ಕೊಬ್ಬರಿ ಎಣ್ಣೆ ಬೆಣ್ಣೆ ಥರ ಗಟ್ಟಿ ಆಗಿದೆ. ಏನು ಬೆರೆಸಿದ್ದೀರಿ?' ಇದಕ್ಕೆ ಮೂವರೂ ತಂತಮ್ಮ ಪಾತ್ರದ ಬಾಯಲ್ಲಿ ಉತ್ತರ ಬರೆಯಬೇಕು. ಸಮಯ ಹತ್ತು ನಿಮಿಷ.

ಬಂಡಾಯಗಾರ ಬರೆದದ್ದು: 'ಅಸಲಿ ಎಣ್ಣೆ ಹೀಗೇ ಇರುತ್ತೆ. ಇಷ್ಟು ದಿನ ಕಂಪನಿಗಳು ನಿಮಗೆ ಮೋಸ ಮಾಡಿವೆ.'

ಪೋಷಕ ಬರೆದದ್ದು: 'ಗಾಬರಿ ಆಗಬೇಡಿ ಅಕ್ಕಾ. ಚಳಿಗೆ ಹೀಗಾಗುತ್ತೆ. ಮಕ್ಕಳಿಗೂ ಧೈರ್ಯವಾಗಿ ಹಾಕಿ. ಮನಸ್ಸಿಗೆ ಸಮಾಧಾನ ಇಲ್ಲ ಅಂದ್ರೆ ವಾಪಸ್ ತಗೋತೀವಿ.'

ಜ್ಞಾನಿ ಬರೆದದ್ದು: 'ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ. ಬಾಟಲಿಯನ್ನು ಸ್ವಲ್ಪ ಹೊತ್ತು ಬೆಚ್ಚಗಿನ ನೀರಿನಲ್ಲಿ ಇಡಿ, ಕರಗುತ್ತೆ. ಆದರೆ ಗಟ್ಟಿಯಾಯಿತು ಅನ್ನೋದೊಂದರಿಂದಲೇ ಶುದ್ಧ ಅಂತ ಹೇಳೋಕಾಗಲ್ಲ. ನಿಮ್ಮ ಬಾಟಲಿಯ ಬ್ಯಾಚ್‌ನ ಲ್ಯಾಬ್ ವರದಿ ಕಳಿಸಿದ್ದೇವೆ, ನೋಡಿ.'

ಮೂರನ್ನೂ ಜೋರಾಗಿ ಓದಿದರು. ಮೊದಲನೆಯದನ್ನು ಓದುವಾಗ ಮಾಲೀಕರೇ ಅರ್ಧಕ್ಕೆ ನಿಲ್ಲಿಸಿದರು. ಸಂಶಯದಿಂದ ಕೇಳಿದ ಗ್ರಾಹಕರಿಗೆ 'ನೀವು ಮೋಸ ಹೋದವರು' ಅಂದ ಹಾಗೆ ಇತ್ತು ಅದು. ಎರಡನೆಯದು ಹಿತವಾಗಿತ್ತು, ಆದರೆ ಎಣ್ಣೆಯಲ್ಲಿ ಏನಿದೆ ಅನ್ನುವ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಮೂರನೆಯದರಲ್ಲಿ ಉತ್ತರ ಇತ್ತು. ತಮಗೆ ಅನುಕೂಲವಾಗುವ ಸುಲಭದ ಸಾಕ್ಷಿಯನ್ನೂ ಬಿಟ್ಟುಕೊಟ್ಟಿತ್ತು. ಸಂಶಯ ಇರುವವರು ನಂಬುವುದು ಅಂಥದ್ದನ್ನೇ.

ಜ್ಞಾನಿ ಅಂತ ಗೋಡೆಗೆ ಅಂಟಿಸಿ ಮನೆಗೆ ಹೋಗಲಿಲ್ಲ. ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿದೆವು. ಮಾಡುವುದು, ಮಾಡದಿರುವುದು. ಮಾಡುವುದರಲ್ಲಿ ಮೊದಲನೆಯದು, ಲೇಬಲ್ ಮೇಲೆ ಗಾಣಕ್ಕೆ ಹಾಕಿದ ದಿನ. ಎರಡನೆಯದು, ಬೆಲೆಯ ಲೆಕ್ಕ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಅವರ ಗಾಣದಲ್ಲಿ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು, ಉಳಿದ ಹಿಂಡಿ ದನಗಳಿಗೆ ಹೋಗುತ್ತದೆ. ಇದನ್ನು ಹಾಗೇ ಬರೆದರು. ಗಸಿಯ ಬಗ್ಗೆ ಬಾಟಲಿ ಮೇಲೇ ಒಂದು ಸಾಲು. ಮಾಡದಿರುವುದರ ಪಟ್ಟಿಯಲ್ಲಿ ಅಜ್ಜಿಯ ಚಿತ್ರ ಬೇಡ, ಕಾಯಿಲೆ ವಾಸಿಯಾಗುತ್ತದೆ ಅನ್ನುವ ಮಾತು ಬೇಡ, ಬೇರೆಯವರ ಎಣ್ಣೆ ಕೆಟ್ಟದ್ದು ಅನ್ನುವುದು ಬೇಡ.

ಅಜ್ಜಿಯ ಚಿತ್ರ ಬಿಡುವಾಗ ಎಲ್ಲರಿಗೂ ಬೇಜಾರಾಯಿತು. ಚಿತ್ರ ಚೆನ್ನಾಗಿತ್ತು. ಆದರೆ ಸಂತೆಯಲ್ಲಿ ಸಾಲಾಗಿ ನಿಂತ ಗಾಣದ ಎಣ್ಣೆ ಬಾಟಲಿಗಳನ್ನು ನೋಡಿದರೆ ಒಬ್ಬರು ಬಿಟ್ಟರೆ ಒಬ್ಬರ ಮೇಲೆ ಅಜ್ಜಿ ಇದ್ದಾರೆ.

## ಆಮೇಲೆ ಎಲ್ಲ ಸರಿಹೋಯಿತಾ?

ಪೂರ್ತಿ ಇಲ್ಲ. ಪ್ರತಿ ಪಾತ್ರಕ್ಕೂ ಒಂದು ಕೆಟ್ಟ ಮಗ್ಗುಲಿದೆ. ಜ್ಞಾನಿ ಜಾಸ್ತಿಯಾದರೆ ಪಾಠ ಹೇಳುವ ಮೇಷ್ಟ್ರಾಗುತ್ತಾನೆ. ಪೋಷಕ ಜಾಸ್ತಿಯಾದರೆ ಉಸಿರು ಕಟ್ಟಿಸುತ್ತಾನೆ. ಅರಸ ದರ್ಪ ತೋರಿಸುತ್ತಾನೆ. ವಿದೂಷಕನಿಗೆ ಸಾವಿನ ಮನೆಯಲ್ಲೂ ಜೋಕು ನೆನಪಾಗುತ್ತದೆ.

ಎಣ್ಣೆ ಕಂಪನಿಯಲ್ಲಿ ಆದದ್ದೂ ಇದೇ. ಎರಡು ತಿಂಗಳಲ್ಲಿ ಉತ್ತರಗಳು ಉದ್ದವಾದವು. ಒಬ್ಬ ಗ್ರಾಹಕರು ಬಾಟಲಿ ಸೋರಿದ ಫೋಟೊ ಕಳಿಸಿದರು. ಇವರಿಂದ ಮುಚ್ಚಳದ ಸೀಲ್ ಹೇಗೆ ಕೆಲಸ ಮಾಡುತ್ತದೆ ಅಂತ ಐದು ಪ್ಯಾರಾ ಹೋಯಿತು. ಅವರು ವಾಪಸ್ ಬರೆದರು, 'ಪಾಠ ಬೇಡಮ್ಮ. ಬೇರೆ ಬಾಟಲಿ ಕಳಿಸಿ.' ಅವತ್ತು ಹಾಳೆಯಲ್ಲಿ ಇನ್ನೊಂದು ಸಾಲು ಸೇರಿತು. ಏನಾದರೂ ಒಡೆದಿದ್ದರೆ, ಸೋರಿದ್ದರೆ, ತಡವಾಗಿದ್ದರೆ ಮೊದಲು ಸರಿಮಾಡಿ. ಕೇಳಿದರೆ ಮಾತ್ರ ವಿವರಣೆ.

ನಿಮ್ಮ ಹಾಳೆ ಮಾಡುವಾಗ ಈ ಸಾಲನ್ನು ಮೊದಲ ದಿನವೇ ಬರೆದುಕೊಳ್ಳಿ. ನಮ್ಮ ಪಾತ್ರ ಮಿತಿ ಮೀರಿದರೆ ಹೇಗೆ ಕೇಳಿಸುತ್ತದೆ, ಯಾವ ಸಂದರ್ಭದಲ್ಲಿ ಅದು ಬಾಯಿ ಮುಚ್ಚಬೇಕು ಅಂತ.

## ನಮ್ಮ ಮಾಲೀಕರು ಬಂಡಾಯಗಾರನೇ ಬೇಕು ಅನ್ನುತ್ತಾರೆ. ಏನು ಮಾಡೋದು?

ಇದು ಬಹಳ ಸಲ ಆಗುತ್ತದೆ. ಕಂಪನಿ ಕಟ್ಟಿದವರು ಕಷ್ಟಪಟ್ಟಿರುತ್ತಾರೆ, ಯಾರ ವಿರುದ್ಧವೋ ನಿಂತಿರುತ್ತಾರೆ. ವೀರ, ಬಂಡಾಯಗಾರ ಅವರ ಬದುಕಿನ ಕತೆಗೆ ಸರಿಯಾಗಿ ಕೂರುತ್ತದೆ. ಆ ಕತೆ ನಿಜವೇ. ಆದರೆ ಮಾಲೀಕರ ಕತೆ ಬೇರೆ, ಗ್ರಾಹಕರಿಗೆ ಬೇಕಾದ ದನಿ ಬೇರೆ.

ನೇರವಾಗಿ ಬೇಡ ಅನ್ನಬೇಡಿ. ಬಂಡಾಯಗಾರ ನಿಜವಾಗಿ ಏನು ಕಳೆದುಕೊಳ್ಳಲು ತಯಾರಿರಬೇಕು ಅಂತ ಕೇಳಿ. ಯಾವ ಗ್ರಾಹಕರನ್ನು ಬಿಡುತ್ತೀರಿ? ಯಾವ ಲಾಭ ಬಿಡುತ್ತೀರಿ? ದೊಡ್ಡ ಸೂಪರ್‌ಮಾರ್ಕೆಟ್‌ನವರು 'ಈ ಪೋಸ್ಟರ್ ತೆಗೆಯಿರಿ' ಅಂದರೆ ತೆಗೆಯುತ್ತೀರಾ? ಎಲ್ಲಕ್ಕೂ 'ಅದೇನೂ ಬಿಡಲ್ಲ' ಅಂದರೆ ಅವರಿಗೆ ಬೇಕಿರುವುದು ಬಂಡಾಯದ ಬಣ್ಣ ಮಾತ್ರ.

ಕಾನೂನಿನ ಮಾತೂ ಇದೆ. ಆಹಾರ ಪದಾರ್ಥಗಳ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ನಮ್ಮ ದೇಶದಲ್ಲಿ 2018ರ ನಿಯಮಗಳಿವೆ. ನಿಮ್ಮ ಸರಕು ಮಾರಲು ಇನ್ನೊಬ್ಬ ತಯಾರಕರ ಸರಕನ್ನು ಹೀಗಳೆಯುವ ಹಾಗಿಲ್ಲ. 'ಅಡುಗೆಮನೆಯಲ್ಲಿ ವಿಷ' ಪೋಸ್ಟರ್ ಹೊರಗೆ ಹೋಗಿದ್ದರೆ ತೊಂದರೆ ಬರುತ್ತಿತ್ತು. ಆರ್ಕಿಟೈಪ್ ಕೈಗೆ ಬಂದ ಕೂಡಲೇ ಜನ ಏನು ಬೇಕಾದರೂ ಹೇಳಲು ಅಪ್ಪಣೆ ಸಿಕ್ಕಿತು ಅಂದುಕೊಳ್ಳುತ್ತಾರೆ. 'ನಮ್ಮ ಪಾತ್ರವೇ ಹಾಗೆ' ಅಂತ ನೋಟಿಸ್‌ಗೆ ಉತ್ತರ ಬರೆಯಲು ಆಗುವುದಿಲ್ಲ.

## ಬ್ರ್ಯಾಂಡ್‌ನೊಳಗೆ ಅಡಗಿರುವ 'ನಿಜವಾದ ಆತ್ಮ'ವನ್ನು ಆರ್ಕಿಟೈಪ್ ತೋರಿಸುತ್ತದಂತೆ, ಹೌದಾ?

ಈ ಮಾತು ಕೇಳಲು ಚೆಂದ. ನಡೆದ ಸಂಗತಿಗಳು ಹಾಗೆ ಹೇಳುವುದಿಲ್ಲ.

ಮಾರ್ಲ್‌ಬೊರೊ ಸಿಗರೇಟನ್ನು ನೋಡಿ. ಕೌಬಾಯ್, ಕುದುರೆ, ಬಯಲು. ಗಂಡಸುತನದ ಬ್ರ್ಯಾಂಡ್ ಅಂದರೆ ಇದೇ ಅಂತ ಪಾಠಗಳಲ್ಲಿ ತೋರಿಸುತ್ತಾರೆ. ಆದರೆ ಅಮೆರಿಕದಲ್ಲಿ 1924ರಲ್ಲಿ ಅದನ್ನು ತಂದದ್ದು ಹೆಂಗಸರಿಗಾಗಿ. 'ಮೇ ತಿಂಗಳಷ್ಟು ಮೃದು' ಅನ್ನುವ ಅರ್ಥದ ಘೋಷಣೆ ಇತ್ತು. 1950ರ ದಶಕದಲ್ಲಿ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ವರದಿಗಳು ಬಂದವು. ಕಂಪನಿಗಳು ಫಿಲ್ಟರ್ ಸಿಗರೇಟಿನ ಕಡೆ ತಿರುಗಿದವು. ಫಿಲ್ಟರ್ ಹೆಂಗಸರಿಗೆ ಅನ್ನುವ ಭಾವನೆ ಗಂಡಸರಲ್ಲಿತ್ತು. ಅದನ್ನು ಅಳಿಸಲು ಶಿಕಾಗೊದ ಲಿಯೊ ಬರ್ನೆಟ್ ಏಜೆನ್ಸಿ ಒರಟು ಗಂಡಸರ ಚಿತ್ರಗಳನ್ನು ತಂದಿತು. ಮೊದಮೊದಲು ಕೌಬಾಯ್ ಒಬ್ಬನೇ ಇರಲಿಲ್ಲ. ಹಡಗಿನ ಕ್ಯಾಪ್ಟನ್ ಥರದ ಬೇರೆ ಗಂಡಸರೂ ಇದ್ದರು. ವರ್ಷಗಳು ಕಳೆದಂತೆ ಕೌಬಾಯ್ ಒಬ್ಬನೇ ಉಳಿದ.

ಅಲ್ಲಿ ಅಡಗಿದ್ದ ಆತ್ಮ ಯಾವುದು? ಮಾರುಕಟ್ಟೆಯ ಒಂದು ತೊಡಕು ಇತ್ತು. ಅದಕ್ಕೊಂದು ಚಿತ್ರ ಹುಡುಕಿದರು. ಅದನ್ನು ಬಿಡದೆ ದಶಕಗಟ್ಟಲೆ ತೋರಿಸಿದರು. ಹನ್ನೆರಡರ ಪಟ್ಟಿ ಬ್ರ್ಯಾಂಡ್‌ಗಳಿಗೆ ಬಂದದ್ದೇ ಅದಾಗಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಗೆದ್ದ ಬ್ರ್ಯಾಂಡ್‌ಗೆ ಆಮೇಲೆ ಪಾತ್ರದ ಹೆಸರು ಕೊಡುವುದು ಸುಲಭ. ಪಾತ್ರ ಆರಿಸಿದ್ದರಿಂದಲೇ ಗೆದ್ದಿತು ಅಂತ ಅದರಿಂದ ಸಾಬೀತಾಗುವುದಿಲ್ಲ. ಅದೇ ಪಾತ್ರ ಆರಿಸಿ ಸೋತವರ ಪಟ್ಟಿಯನ್ನು ಯಾರೂ ಸ್ಲೈಡ್‌ಗೆ ಹಾಕುವುದಿಲ್ಲ. ಇನ್ನೊಂದು ಮಾತು ಹೇಳದೆ ಇರಲಾರೆ. ಕ್ಯಾನ್ಸರ್‌ನ ಭಯವನ್ನು ಕುದುರೆ ಸವಾರನ ಚಿತ್ರ ಹಿಂದಕ್ಕೆ ತಳ್ಳಿತು. ಪಾತ್ರ ಎಷ್ಟು ಬಲವಾಗಿದೆ ಅಂತ ಹೊಗಳುವಾಗ, ಅದನ್ನು ಯಾವುದಕ್ಕೆ ಬಳಸಿದರು ಅನ್ನುವುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು.

## ಗ್ರಾಹಕರನ್ನೂ ಹೀಗೆ ವಿಂಗಡಿಸಬಹುದಾ? 'ನಮ್ಮ ಗ್ರಾಹಕರು ಅನ್ವೇಷಕರು' ಅಂತ?

ಬೇಡ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವ ಮನುಷ್ಯನೇ ಭಾನುವಾರ ಬೈಕ್ ಹತ್ತಿ ಸಕಲೇಶಪುರಕ್ಕೆ ಹೋಗುತ್ತಾನೆ. ಅವನು ಯಾರು, ಅನ್ವೇಷಕನಾ, ಪೋಷಕನಾ? ಹೊತ್ತು, ಕೆಲಸ, ಜತೆಗಿರುವವರನ್ನು ನೋಡಿಕೊಂಡು ಬದಲಾಗುತ್ತಾನೆ. ಅವನು ಏನು ಕೊಳ್ಳುತ್ತಾನೆ, ಯಾವಾಗ, ಯಾಕೆ ಅಂತ ಕೇಳಿ ತಿಳಿದುಕೊಳ್ಳಿ. ಹಣೆಗೆ ಚೀಟಿ ಅಂಟಿಸಿದರೆ ಆ ಕೇಳುವ ಕೆಲಸವೇ ನಿಂತುಹೋಗುತ್ತದೆ.

## ಎರಡು ಪಾತ್ರ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು, ಯಾವುದು ಎಲ್ಲಿ ಅಂತ ಗೆರೆ ಎಳೆದಿದ್ದರೆ. ಅಮೂಲ್ ನೋಡಿ. ಚುಕ್ಕೆ ಫ್ರಾಕಿನ ಹುಡುಗಿ 1960ರ ದಶಕದಿಂದ ಹೋರ್ಡಿಂಗ್ ಮೇಲೆ ನಿಂತು ಆಯಾ ಕಾಲದ ಸುದ್ದಿಗೆ ತಮಾಷೆ ಮಾಡುತ್ತಿದ್ದಾಳೆ. ಅಚ್ಚ ವಿದೂಷಕನ ಕೆಲಸ. ಅದೇ ಅಮೂಲ್ ಹಾಲಿನ ಜಾಹೀರಾತು, ರೈತರ ಸಹಕಾರಿಯ ಮಾತು ಬಂದಾಗ ಮನೆಗೆ ಹಾಲುಣಿಸುವ ಪೋಷಕನ ದನಿ. ಇವೆರಡೂ ಡಿಕ್ಕಿ ಹೊಡೆಯುವುದಿಲ್ಲ, ಯಾಕೆಂದರೆ ತಮಾಷೆಗೆ ತನ್ನದೇ ಜಾಗ ಇದೆ.

ಕೆಡುವುದು ಎಲ್ಲಿ ಅಂದರೆ, 'ಶೇ. 60 ಜ್ಞಾನಿ, ಶೇ. 30 ಮಾಂತ್ರಿಕ, ಶೇ. 10 ವಿದೂಷಕ' ಅಂತ ಬರೆದಾಗ. ಇದನ್ನು ಹಿಡಿದುಕೊಂಡು ಯಾರೂ ಒಂದು ಸಾಲು ಬರೆಯಲಾರರು. ಸಭೆಯಲ್ಲಿ ಯಾರಿಗೂ ಬೇಜಾರು ಮಾಡಬಾರದು ಅಂತ ಎಲ್ಲರ ಕಾರ್ಡನ್ನೂ ಸ್ವಲ್ಪ ಸ್ವಲ್ಪ ಉಳಿಸಿಕೊಂಡಾಗ ಹುಟ್ಟುವ ಲೆಕ್ಕ ಅದು.

## ಅಮೆರಿಕದ ಪಟ್ಟಿ ನಮ್ಮ ಜನಕ್ಕೆ ಹೊಂದುತ್ತಾ?

ಅರ್ಧ ಹೊಂದುತ್ತದೆ. ಆಕರ್ ಮತ್ತು ಸಂಗಡಿಗರು 2001ರಲ್ಲಿ ಜಪಾನ್ ಮತ್ತು ಸ್ಪೇನ್‌ನಲ್ಲಿ ಇಂಥದ್ದೇ ಅಧ್ಯಯನ ಮಾಡಿದಾಗ ಅಮೆರಿಕದ ಒರಟುತನ ಅನ್ನುವ ಗುಂಪು ಎರಡೂ ಕಡೆ ಸಿಗಲಿಲ್ಲ. ಎರಡೂ ಕಡೆ ಶಾಂತತೆ ಅನ್ನುವುದು ಸಿಕ್ಕಿತು. ಸ್ಪೇನ್‌ನಲ್ಲಿ ಜತೆಗೆ ತೀವ್ರ ಭಾವ ಅನ್ನುವುದೂ ಬಂತು. ಅಂದರೆ ಬ್ರ್ಯಾಂಡ್‌ನಲ್ಲಿ ಜನ ಕಾಣುವ ಗುಣವೂ ಊರಿನಿಂದ ಊರಿಗೆ ಬೇರೆ. ಒಬ್ಬಂಟಿಯಾಗಿ ಮನೆ ಬಿಟ್ಟು ಹೊರಡುವವನನ್ನು ಅಮೆರಿಕದವರು ಅನ್ವೇಷಕ ಅಂತ ಮೆಚ್ಚುತ್ತಾರೆ. ನಮ್ಮಲ್ಲಿ ಮನೆಯವರನ್ನು ಬಿಟ್ಟು ಹೊರಟವನ ಬಗ್ಗೆ ಮೊದಲು ಬರುವ ಪ್ರಶ್ನೆ, 'ಪಾಪ, ಮನೇಲಿ ಏನಾಯ್ತು?'

ನಾನು ತಂಡಕ್ಕೆ ಇದನ್ನು ವಿವರಿಸುವುದು ಯಕ್ಷಗಾನದಿಂದ. ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ, ಬಾಯಿ ತೆರೆಯುವ ಮೊದಲೇ, ರಾಕ್ಷಸ ಪಾತ್ರ ಅಂತ ಪ್ರೇಕ್ಷಕರಿಗೆ ತಿಳಿಯುತ್ತದೆ. ಪುಂಡುವೇಷ ಬಂದರೆ ಎಳೆಯ ವೀರ, ಅಭಿಮನ್ಯುವೋ ಬಭ್ರುವಾಹನನೋ. ಕುಣಿತ, ದನಿ, ವೇಗ ಎಲ್ಲಕ್ಕೂ ವೇಷ ಒಂದು ದಾರಿ ಹಾಕಿಕೊಡುತ್ತದೆ. ಆದರೆ ಅರ್ಥ ಹೇಳಬೇಕಾದದ್ದು ಕಲಾವಿದನೇ. ಪ್ರಸಂಗ ತಿಳಿಯದ, ಎದುರು ವೇಷದವನ ಮಾತು ಕೇಳಿಸಿಕೊಳ್ಳದ ಕಲಾವಿದನಿಗೆ ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ಆಟ ಮೇಲೇಳುವುದಿಲ್ಲ. ಆರ್ಕಿಟೈಪ್ ವೇಷದಷ್ಟು ಕೆಲಸ ಮಾಡುತ್ತದೆ. ಅರ್ಥಗಾರಿಕೆ ನಿಮ್ಮದೇ.

## ಪಾತ್ರ ಗಟ್ಟಿಯಾದರೆ ಬ್ರ್ಯಾಂಡ್ ಜನರ ನೆನಪಿನಲ್ಲಿ ಉಳಿಯುತ್ತಾ?

ಅದೊಂದರಿಂದ ಉಳಿಯುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪನ್ನು ಕಣ್ಣು ಮುಚ್ಚಿ ಗುರುತಿಸುತ್ತೇವೆ. ಅಂಡಾಕಾರ, ಗಂಧದ ವಾಸನೆ, ಹಳೆಯ ಥರದ ಪೆಟ್ಟಿಗೆ, ಅದರ ಮೇಲೆ ಶರಭದ ಲಾಂಛನ. ಅದು ಅರಸನೋ ಪ್ರೇಮಿಯೋ ಅಂತ ಯಾರೂ ಯೋಚಿಸಿಲ್ಲ. ಜನ ಹಿಡಿದುಕೊಳ್ಳುವುದು ಬಣ್ಣ, ಆಕಾರ, ವಾಸನೆ, ಒಂದು ರಾಗವನ್ನು. ಪಾತ್ರ ಆರಿಸಿದ ಖುಷಿಯಲ್ಲಿ ಇವನ್ನು ಬದಲಿಸಿದ ತಂಡಗಳನ್ನು ನೋಡಿದ್ದೇನೆ. 'ನಾವೀಗ ಮಾಂತ್ರಿಕ, ಹಾಗಾಗಿ ನೇರಳೆ ಬಣ್ಣ' ಅಂತ ಹತ್ತು ವರ್ಷ ಜನ ನೋಡಿದ್ದ ಹಸಿರನ್ನು ತೆಗೆದುಹಾಕಿದರು. ಅಂಗಡಿಯವರೇ ಬಾಟಲಿ ಹುಡುಕುವ ಹಾಗಾಯಿತು.

## ಆನ್‌ಲೈನ್ ಕ್ವಿಜ್ ಮಾಡಿ ಪಾತ್ರ ತಿಳಿಯಬಹುದಾ?

ಬೇಡ. ಅಲ್ಲಿ ಉತ್ತರ ಕೊಡುವವರು ನೀವೇ, ಆದ್ದರಿಂದ ನಿಮ್ಮ ಆಸೆಯೇ ಫಲಿತಾಂಶವಾಗಿ ವಾಪಸ್ ಬರುತ್ತದೆ. ಆ ಹೊತ್ತಿನಲ್ಲಿ ಇಪ್ಪತ್ತು ಗ್ರಾಹಕರ ಮೆಸೇಜ್ ಓದಿ.

## ನಾವು ಆರಿಸಿದ್ದು ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಾನು ಮೂರು ತಿಂಗಳಾದ ಮೇಲೆ ಹೋಗಿ ಒಂದೇ ಪರೀಕ್ಷೆ ಮಾಡುತ್ತೇನೆ. ಹೊಸದಾಗಿ ಬಂದ ಒಂದು ಕಷ್ಟದ ಮೆಸೇಜ್ ಆರಿಸಿ, ತಂಡದ ಇಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯಲು ಹೇಳುತ್ತೇನೆ. ಬೆಲೆ ಏರಿಕೆಯ ಸೂಚನೆ ಆದರೆ ಇನ್ನೂ ಒಳ್ಳೆಯದು, ಎಲ್ಲರ ದನಿ ನಡುಗುವುದು ಅಲ್ಲೇ. ಎರಡೂ ಒಬ್ಬರೇ ಬರೆದ ಹಾಗೆ ಕೇಳಿಸಿದರೆ ಹಾಳೆ ಕೆಲಸ ಮಾಡುತ್ತಿದೆ. ಒಂದು ಬ್ಯಾಂಕ್ ನೋಟಿಸ್ ಥರ, ಇನ್ನೊಂದು ಮದುವೆ ಕರೆಯೋಲೆ ಥರ ಇದ್ದರೆ ಅದು ಗೋಡೆ ಮೇಲಷ್ಟೇ ಇದೆ ಅಂತ ಅರ್ಥ.

ಜತೆಗೆ ಕೇಳುವ ಪ್ರಶ್ನೆ, ಈ ಮೂರು ತಿಂಗಳಲ್ಲಿ ಹಾಳೆ ನೋಡಿ ಏನನ್ನಾದರೂ ಕೈಬಿಟ್ಟಿರಾ? ಒಂದು ಪೋಸ್ಟ್, ಒಂದು ಆಫರ್, ಒಂದು ಚಿತ್ರ? ಏನೂ ಇಲ್ಲ ಅಂದರೆ ಪಾತ್ರ ತೀರಾ ಸಡಿಲವಾಗಿದೆ, ಯಾವುದನ್ನೂ ತಡೆಯುತ್ತಿಲ್ಲ.

ಎಣ್ಣೆ ಕಂಪನಿಗೆ ಹೋದಾಗ ಕೇಳಿದೆ. ಇನ್‌ಸ್ಟಾಗ್ರಾಮ್ ಹುಡುಗ ಫೋನ್ ತೆಗೆದು ಒಂದು ಡ್ರಾಫ್ಟ್ ತೋರಿಸಿದ. ಹಬ್ಬದ ಪೋಸ್ಟ್, ಕೊಬ್ಬರಿ ಎಣ್ಣೆ ಹಚ್ಚಿದರೆ ಹದಿನೈದು ದಿನದಲ್ಲಿ ಕೂದಲು ಉದುರುವುದು ನಿಲ್ಲುತ್ತದೆ ಅಂತ. 'ಅಕ್ಕ ಬೇಡ ಅಂದ್ರು ಸಾರ್. ಹದಿನೈದು ದಿನ ಅಂತ ನಮಗೆ ಹೇಗೆ ಗೊತ್ತು ಅಂತ ಕೇಳಿದ್ರು.' ಅದರ ಬದಲು ಅವರು ಹಾಕಿದ್ದು ಒಂದು ಫೋಟೊ. ಅವತ್ತು ಬೆಳಿಗ್ಗೆ ಗಾಣದಿಂದ ತೆಗೆದ ಹಿಂಡಿ, ಪಕ್ಕದಲ್ಲಿ ತೂಕದ ಯಂತ್ರ, ಅದರಲ್ಲಿ ಕಾಣುವ ಅಂಕಿ.